ಹನ್ನೆರಡು ಇಂಚಿನ ಹೊಲ

ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಬಾಡಿ ಸತ್ತ ಟೊಮೆಟೊ ಗಿಡದ ಚೀಲವನ್ನು ಒಮ್ಮೆ ಬೋರಲು ಹಾಕಿ ನೋಡಬೇಕು. ಮೇಲಿನ ಎರಡು ಇಂಚು ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಅದರ ಕೆಳಗಿನ ಮಣ್ಣು ತಣ್ಣಗೆ, ಅಂಟಂಟಾಗಿ ಕೈಗೆ ಸಿಗುತ್ತದೆ. ತಳದ ನಾಲ್ಕು ಇಂಚಿಗೆ ಬರುವಷ್ಟರಲ್ಲಿ ಬಣ್ಣ ಕಪ್ಪಾಗಿರುತ್ತದೆ, ಚರಂಡಿಯ ವಾಸನೆ ಮೂಗಿಗೆ ಬಡಿಯುತ್ತದೆ. ಬೆಳ್ಳಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸಿಪ್ಪೆ ಕಳಚಿಕೊಂಡು ಒಳಗಿನ ನೂಲಷ್ಟೇ ಉಳಿಯುತ್ತದೆ.

‘ದಿನಾ ಎರಡು ಹೊತ್ತು ನೀರು ಹಾಕ್ತಿದ್ದೆ, ಆದ್ರೂ ಬಾಡಿಹೋಯ್ತು’ ಎಂದು ಗಿಡ ಬೆಳೆಸಿದವರು ನೊಂದುಕೊಳ್ಳುತ್ತಾರೆ. ಎರಡು ಹೊತ್ತು ನೀರು ಹಾಕಿದ್ದರಿಂದಲೇ ಅದು ಬಾಡಿತು.

ಬೇರು ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇದ್ದರೆ ಮಾತ್ರ ಅದಕ್ಕೆ ಆಮ್ಲಜನಕ ಸಿಗುತ್ತದೆ, ಆಗ ಮಾತ್ರ ಅದು ನೀರನ್ನು ಮೇಲಕ್ಕೆ ಎಳೆದುಕೊಳ್ಳಬಲ್ಲದು. ಸಂದುಗಳೆಲ್ಲ ನೀರಿನಿಂದ ತುಂಬಿ ಹಾಗೇ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ, ಕೊಳೆತ ಬೇರಿಗೆ ನೀರು ಎಳೆಯುವ ಶಕ್ತಿ ಇರುವುದಿಲ್ಲ. ಹಾಗಾಗಿ ನೀರಿನಲ್ಲಿ ಮುಳುಗಿದ ಗಿಡವೂ ನೀರಿಲ್ಲದ ಗಿಡದ ಹಾಗೇ ಎಲೆ ಜೋತುಹಾಕಿ ನಿಲ್ಲುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ಮತ್ತೊಂದು ಚೊಂಬು ಸುರಿಯುತ್ತಾರೆ. ತಾರಸಿ ತೋಟಕ್ಕೆ ಕೈಹಾಕಿದ ಹೊಸಬರು ಮೊದಲ ವರ್ಷವೇ ಸೋಲುವುದು ಹೆಚ್ಚಾಗಿ ಇಲ್ಲಿ. ಮಣ್ಣು ಕಲಸುವುದು, ಬೀಜ ಊರುವುದು, ನೀರು ಹಾಕುವುದು, ಈ ಮೂರು ಕೆಲಸದಲ್ಲೂ ಬೇರಿನ ಉಸಿರನ್ನು ನೆನಪಿನಲ್ಲಿಟ್ಟುಕೊಂಡವರ ತೋಟ ಉಳಿಯುತ್ತದೆ.

ಹೊಲಕ್ಕೂ ಚೀಲಕ್ಕೂ ಇರುವ ವ್ಯತ್ಯಾಸವನ್ನು ಅಡುಗೆಮನೆಯಲ್ಲೇ ಕಂಡುಕೊಳ್ಳಬಹುದು. ಪಾತ್ರೆ ಉಜ್ಜುವ ಉದ್ದನೆಯ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಹಿಡಿದುಕೊಳ್ಳಬೇಕು. ಸ್ವಲ್ಪ ಹೊತ್ತು ನೀರು ಸೋರಿ ನಿಲ್ಲುತ್ತದೆ. ಈಗ ಹಿಂಡದೆ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ತೊಟ್ಟಿಕ್ಕಲು ಶುರುವಾಗುತ್ತದೆ. ಯಾವ ಸ್ಪಂಜೇ ಆಗಲಿ, ಯಾವ ಮಣ್ಣೇ ಆಗಲಿ, ತಳದ ಒಂದಿಷ್ಟು ಎತ್ತರದವರೆಗೆ ನೀರನ್ನು ಬಿಗಿಹಿಡಿದುಕೊಂಡೇ ಇರುತ್ತದೆ. ತೂತು ಎಷ್ಟಿದ್ದರೂ ಆ ನೀರು ತಾನಾಗಿ ಇಳಿಯುವುದಿಲ್ಲ. ಹೊಲದಲ್ಲಿ ಆ ಒದ್ದೆ ಪದರ ಎಷ್ಟೋ ಅಡಿ ಆಳದಲ್ಲಿರುತ್ತದೆ, ಬೇರಿಗೆ ಅದರ ಗೊಡವೆ ಇಲ್ಲ. ಹನ್ನೆರಡು ಇಂಚಿನ ಚೀಲದಲ್ಲಿ ಅದು ಬೇರಿನ ಕಾಲಬುಡದಲ್ಲೇ ಇರುತ್ತದೆ. ಆರು ಇಂಚಿನ ಕುಂಡದಲ್ಲಾದರೆ ಅರ್ಧ ಕುಂಡವೇ ಆ ಪದರ.

ಕುಂಡದ ತಳಕ್ಕೆ ಜಲ್ಲಿಯನ್ನೋ ಹೆಂಚಿನ ಚೂರನ್ನೋ ಒಂದೆರಡು ಇಂಚು ಹರಡಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂಬ ಹಳೆಯ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಜಿಗಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ಭಾರವಾದ ಮೇಲಷ್ಟೇ ಇಳಿಯುತ್ತದೆ. ಅಂದರೆ ಒದ್ದೆ ಪದರ ಹೋಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಸಿಗುವ ಜಾಗ ಇನ್ನೂ ಕಡಿಮೆಯಾಗುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಹಳೆಯ ಸೊಳ್ಳೆಪರದೆಯ ತುಂಡನ್ನು ಹಾಕಿದರೆ ಸಾಕು. ಎತ್ತರದ ಚೀಲ ಮತ್ತು ಸಡಿಲವಾದ ಮಣ್ಣು, ಇವೆರಡೇ ನಿಜವಾದ ಉಪಾಯ.

ಮಣ್ಣು ಕಲಸುವ ಮುಂಚೆ ನೋಡಿಕೊಳ್ಳಬೇಕಾದ್ದು ಎರಡಿದೆ. ಒಂದು ಬಿಸಿಲು, ಇನ್ನೊಂದು ಭಾರ.

ಬಿಸಿಲಿನ ಲೆಕ್ಕ ಬಾಲ್ಕನಿಯವರಿಗೆ ಬಹಳ ಮುಖ್ಯ. ಬೆಂಗಳೂರು, ಮಂಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುವುದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಜೂನ್ ತಿಂಗಳಲ್ಲಿ ಬಿಸಿಲು ಬೀಳುತ್ತಿದ್ದ ಉತ್ತರದ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ನೇರ ಬಿಸಿಲೇ ಬರುವುದಿಲ್ಲ. ಜೂನ್‌ನಲ್ಲಿ ನೋಡಿ ‘ಇಲ್ಲಿ ಬಿಸಿಲು ಚೆನ್ನಾಗಿದೆ’ ಎಂದು ಟೊಮೆಟೊ ಹಾಕಿದವರಿಗೆ ಹೂ ಬಿಡುವ ಹೊತ್ತಿಗೆ ನೆರಳು ಸಿಗುತ್ತದೆ. ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೂರ್ನಾಲ್ಕು ಗಂಟೆ ಮಾತ್ರ ಬರುವ ಕಡೆ ಹರಿವೆ, ಪಾಲಕ್, ಮೆಂತ್ಯ, ಪುದೀನ ಬೆಳೆಯಬಹುದು. ಅಂಥ ಕಡೆ ಕಾಯಿಗೆ ಆಸೆಪಡದಿರುವುದು ಒಳ್ಳೆಯದು. ಗಿಡ ಬೆಳೆಯುತ್ತದೆ, ಕಾಯಿ ಕಚ್ಚುವುದಿಲ್ಲ.

ಇನ್ನು ಭಾರ. ಜನ ಓಡಾಡುವ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟುತ್ತಾರೆ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಗ್ರೋ ಬ್ಯಾಗಿಗೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಅದೊಂದೇ ಚೀಲ 35 ಕೆ.ಜಿ. ತೂಗುತ್ತದೆ. ಮುಂದೆ ಹೇಳಲಿರುವ ಮಿಶ್ರಣವಾದರೆ 20ರಿಂದ 22 ಕೆ.ಜಿ. ಒಂದು ಚದರ ಮೀಟರಿಗೆ ನಾಲ್ಕು ಚೀಲದಂತೆ ಬಿಡುವಾಗಿ ಇಟ್ಟರೆ 90 ಕೆ.ಜಿ. ದಾಟುವುದಿಲ್ಲ, ಒಂಬತ್ತು ಚೀಲ ಒತ್ತೊತ್ತಾಗಿ ಇಟ್ಟರೆ ಮಿತಿ ಮೀರುತ್ತದೆ. ತಾರಸಿಯ ನಡುಮಧ್ಯಕ್ಕಿಂತ ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿ ಸಾಲಾಗಿ ಇಡುವುದು ಕ್ಷೇಮ. ಅಪಾರ್ಟ್‌ಮೆಂಟಿನ ತಾರಸಿ ಎಲ್ಲರಿಗೂ ಸೇರಿದ್ದು, ಆದ್ದರಿಂದ ಸಂಘದ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆದಿರಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಎರಡೆರಡು ಇಟ್ಟಿಗೆಯ ಮೇಲೆ ಕೂರಿಸಿದರೆ ಕೆಳಗೆ ಗಾಳಿ ಆಡುತ್ತದೆ, ನೀರು ನಿಲ್ಲುವುದಿಲ್ಲ, ತೇವ ಬಂತೆಂದು ಕೆಳಮನೆಯವರು ದೂರುವ ಸಂದರ್ಭವೂ ಬರುವುದಿಲ್ಲ.

ಈಗ ಮಣ್ಣು. ನಮ್ಮ ಕಡೆಯ ಕೆಂಪು ಮಣ್ಣು ಹೊಲದಲ್ಲಿ ಒಳ್ಳೆಯದೇ, ಆದರೆ ಅಲ್ಲಿ ಎರೆಹುಳು, ಇರುವೆ, ಉಳುಮೆ ಎಲ್ಲ ಸೇರಿ ಅದನ್ನು ಸಡಿಲವಾಗಿ ಇಟ್ಟಿರುತ್ತವೆ. ಚೀಲದಲ್ಲಿ ನಾಲ್ಕು ಬಾರಿ ನೀರು ಹಾಕಿದರೆ ಅದೇ ಮಣ್ಣು ಹಸಿ ಇಟ್ಟಿಗೆಯ ಹಾಗೆ ಕೂತುಬಿಡುತ್ತದೆ. ಹಾಗೆಂದು ಬರೀ ಕೊಕೊಪೀಟ್ ತುಂಬಿದರೆ ಅದರಲ್ಲಿ ಸಾರವಿಲ್ಲ. ಬರೀ ಗೊಬ್ಬರ ತುಂಬಿದರೆ ಎರಡು ತಿಂಗಳಲ್ಲಿ ಕುಸಿದು ಅರ್ಧವಾಗುತ್ತದೆ. ಮೂರನ್ನೂ ಸಮಪಾಲು ಸೇರಿಸುವುದು ಹೊಸಬರಿಗೆ ಸುಲಭವಾದ ಅಳತೆ: ಒಂದು ಬಕೆಟ್ ಜರಡಿ ಹಿಡಿದ ಕೆಂಪು ಮಣ್ಣು, ಒಂದು ಬಕೆಟ್ ನೆನೆಸಿ ಉಬ್ಬಿಸಿದ ಕೊಕೊಪೀಟ್, ಒಂದು ಬಕೆಟ್ ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಪ್ರತಿ ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ.

ಕೊಕೊಪೀಟ್ ಎಂದರೆ ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಅದರಲ್ಲಿ ಸಹಜವಾಗಿಯೇ ಉಪ್ಪಿನಂಶ ಇರುತ್ತದೆ. ಇಟ್ಟಿಗೆಯಂತೆ ಒತ್ತಿ ಮಾರುವ ಕೊಕೊಪೀಟನ್ನು ಟಬ್ಬಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಆ ಕಂದು ನೀರನ್ನು ಚೆಲ್ಲಿ, ಮತ್ತೊಮ್ಮೆ ಹಾಗೇ ಮಾಡಿದ ಮೇಲೆ ಬಳಸಬೇಕು. ಈ ಕೆಲಸ ಬಿಟ್ಟವರ ಸಸಿಗಳ ಎಲೆಯಂಚು ಸುಟ್ಟಂತೆ ಒಣಗುತ್ತದೆ.

ಗೊಬ್ಬರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅರೆಬರೆ ಕಳಿತ ಸಗಣಿ ಗೊಬ್ಬರ ಚೀಲದೊಳಗೆ ಕಳಿಯುವುದನ್ನು ಮುಂದುವರಿಸುತ್ತದೆ. ಆಗ ಅದು ಬಿಸಿಯಾಗುತ್ತದೆ, ಬೇರಿಗೆ ಸಲ್ಲಬೇಕಾದ ಆಮ್ಲಜನಕವನ್ನು ತಾನೇ ಕಬಳಿಸುತ್ತದೆ. ಪರೀಕ್ಷೆ ಸುಲಭ. ಒಂದು ಹಿಡಿ ಗೊಬ್ಬರವನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರ್ನಾಲ್ಕು ದಿನ ನೆರಳಲ್ಲಿಡಬೇಕು. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಅದು ಹಣ್ಣಾಗಿದೆ; ಹುಳಿ ವಾಸನೆಯೋ ಕೊಳೆತ ವಾಸನೆಯೋ ಬಂದರೆ ಇನ್ನೊಂದು ತಿಂಗಳು ಕಾಯಬೇಕು. ಅಡುಗೆಮನೆಯ ಕಸದಿಂದ ಮನೆಯಲ್ಲೇ ಮಾಡಿದ ಗೊಬ್ಬರಕ್ಕೂ ಇದೇ ಪರೀಕ್ಷೆ.

ಮಿಶ್ರಣದ ಹದ ಕೈಗೆ ಗೊತ್ತಾಗುತ್ತದೆ. ರವೆ ಉಂಡೆ ಕಟ್ಟುವಾಗಿನ ಹದವನ್ನೇ ನೆನಪಿಸಿಕೊಳ್ಳಬಹುದು. ಮುಷ್ಟಿ ಬಿಗಿದರೆ ಉಂಡೆಯಾಗಬೇಕು, ಹೆಬ್ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಪುಡಿಯಾಗಬೇಕು. ಉಂಡೆ ಹಾಗೇ ಗಟ್ಟಿಯಾಗಿ ಕೂತರೆ ಮಣ್ಣು ಹೆಚ್ಚಾಗಿದೆ ಅಥವಾ ನೀರು ಹೆಚ್ಚಾಗಿದೆ. ಚೀಲ ತುಂಬಿದ ಮೇಲೆ ಒಂದೆರಡು ಲೀಟರ್ ನೀರು ಹಾಕಿ ತಣಿಸಿ, ಮರುದಿನ ಇನ್ನೊಂದು ಲೀಟರ್ ಸುರಿದು ನೋಡಬೇಕು. ಒಂದೆರಡು ನಿಮಿಷದಲ್ಲಿ ಮೇಲೆ ನಿಂತ ನೀರೆಲ್ಲ ಇಳಿದು ಕೆಳಗಿನಿಂದ ತೊಟ್ಟಿಕ್ಕಿದರೆ ಮಿಶ್ರಣ ಸರಿಯಿದೆ. ಹತ್ತು ನಿಮಿಷವಾದರೂ ಮೇಲೆ ಕೆರೆಯಂತೆ ನಿಂತಿದ್ದರೆ, ಗಿಡ ನೆಡುವ ಮುಂಚೆಯೇ ಹೊರಗೆ ಸುರಿದು ಕೊಕೊಪೀಟ್ ಸೇರಿಸುವುದು ವಾಸಿ. ಗಿಡ ನೆಟ್ಟ ಮೇಲೆ ಇದನ್ನು ತಿದ್ದುವ ದಾರಿಯಿಲ್ಲ.

ಹೊಸಬರ ತೋಟವೊಂದನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದರೆ ಉಳಿದದ್ದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಒಂದು ತಾರಸಿ, ನಾಲ್ಕು ಚೀಲ, ಎರಡಡಿ ಉದ್ದ ಒಂದಡಿ ಅಗಲದ ಎರಡು ಟ್ರೇ. ಗಣೇಶನ ಹಬ್ಬದ ವಾರದಲ್ಲಿ ಶುರು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಶುರುಮಾಡಿದವರ ಎಳೆಸಸಿ ತಾರಸಿಯ ಕಾವಿಗೆ ಬೆಂದುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಬಿತ್ತಿದ ಟೊಮೆಟೊ ತಂಪು ರಾತ್ರಿಗಳಲ್ಲಿ ಹೂ ಬಿಡುತ್ತದೆ, ಅದೇ ಅದಕ್ಕೆ ಬೇಕಾದ ಕಾಲ.

ಟ್ರೇಗಳಿಗೆ ಹರಿವೆ. ಹರಿವೆ ಬೀಜ ಗಸಗಸೆಯಷ್ಟು ಸಣ್ಣದು. ಅರ್ಧ ಚಮಚ ಬೀಜಕ್ಕೆ ಐದಾರು ಚಮಚ ಒಣ ಮರಳು ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ಬೀಜದ ಗಾತ್ರದ ಎರಡು ಮೂರು ಪಟ್ಟು ಆಳ ಎಂಬ ನಿಯಮ ಎಲ್ಲ ಬೀಜಕ್ಕೂ ಸಲ್ಲುತ್ತದೆ, ಅಂದರೆ ಹರಿವೆಗೆ ಮೇಲಿನಿಂದ ತೆಳ್ಳಗೆ ಪುಡಿಮಣ್ಣು ಉದುರಿಸಿದರೆ ಆಯಿತು. ಬೆಂಡೆ, ಹುರುಳಿಕಾಯಿ ಬೀಜಗಳನ್ನು ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಊರಬಹುದು. ಹರಿವೆಯನ್ನು ಒಂದು ಇಂಚು ಆಳಕ್ಕೆ ಊರಿ ‘ಬೀಜ ಸರಿಯಿಲ್ಲ’ ಎನ್ನುವವರು ಬಹಳ ಜನ. ಆ ಪುಟ್ಟ ಬೀಜದೊಳಗಿನ ಆಹಾರ ಬೆಳಕು ಕಾಣುವ ಮುಂಚೆಯೇ ಮುಗಿದುಹೋಗಿರುತ್ತದೆ.

ಅದೇ ದಿನ ಟೊಮೆಟೊ ಬೀಜವನ್ನು ಗುಳಿಗಳಿರುವ ಸಸಿ ಟ್ರೇಯಲ್ಲಿ, ಗುಳಿಗೆ ಎರಡರಂತೆ, ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಹೀಗೆ ಸಸಿ ಮಾಡಿ ನಾಟಿ ಮಾಡುವುದು ವಾಡಿಕೆ. ಬೆಂಡೆ, ಹುರುಳಿಕಾಯಿ, ಮೂಲಂಗಿ, ಕ್ಯಾರೆಟ್, ಸೋರೆ, ಹೀರೆ ಇವುಗಳ ಬೇರಿಗೆ ಜಾಗ ಬದಲಿಸುವುದು ಒಗ್ಗುವುದಿಲ್ಲ, ನೇರವಾಗಿ ಚೀಲದಲ್ಲೇ ಬಿತ್ತಬೇಕು. ಕೊತ್ತಂಬರಿಗೆ ಇನ್ನೊಂದು ಗುಟ್ಟಿದೆ. ಅಂಗಡಿಯ ಧನಿಯಾ ಕಾಳು ಒಂದು ಬೀಜವಲ್ಲ, ಎರಡು ಬೀಜ ಕೂಡಿದ ಕಾಯಿ. ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಿದರೆ ಬೇಗ ಮೊಳೆಯುತ್ತದೆ.

ಬೀಜ ಎಲ್ಲಿಂದ ತರಬೇಕು ಎಂಬುದಕ್ಕೆ ಕರ್ನಾಟಕದವರಿಗೆ ಒಳ್ಳೆಯ ಆಯ್ಕೆಗಳಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳ ಹೆಸರು ‘ಅರ್ಕಾ’ದಿಂದ ಶುರುವಾಗುತ್ತದೆ. ಅರ್ಕಾ ಸುಗುಣ ಎಂಬ ಹರಿವೆಯನ್ನು ಕೊಯ್ದಂತೆಲ್ಲ ಚಿಗುರುತ್ತದೆ. ಅರ್ಕಾ ರಕ್ಷಕ್ ಎಂಬ ಟೊಮೆಟೊ ಎಲೆ ಮುದುಡು ರೋಗವೂ ಸೇರಿದಂತೆ ಮೂರು ರೋಗ ತಡೆಯುವ ಹೈಬ್ರಿಡ್. ಹೈಬ್ರಿಡ್ ಹಣ್ಣಿನ ಬೀಜ ತೆಗೆದಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ ಎಂಬುದು ಗೊತ್ತಿರಬೇಕು. ಬೀಜ ಎತ್ತಿಟ್ಟುಕೊಳ್ಳುವ ಆಸೆ ಇದ್ದವರಿಗೆ ನಾಟಿ ತಳಿಯೇ ಸರಿ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಬೆಂಗಳೂರಿನಲ್ಲಿ ತಾರಸಿ ತೋಟದ ತರಬೇತಿಗೆ ಅಡಿಪಾಯ ಹಾಕಿದವರು. ಆ ಬಳಗದಿಂದ ಹುಟ್ಟಿದ ‘ಊಟ ಫ್ರಂ ಯುವರ್ ತೋಟ’ ಮೇಳಗಳಲ್ಲಿ ತೋಟಿಗರು ತಮ್ಮಲ್ಲಿ ಹೆಚ್ಚಾದ ನಾಟಿ ಬೀಜಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾ ಬಂದಿದ್ದಾರೆ. ಎಲ್ಲಿಂದ ತಂದರೂ ಬಿತ್ತುವ ಮುಂಚೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಬೇಕು. ಒಂದು ವಾರದಲ್ಲಿ ಏಳೆಂಟಾದರೂ ಮೊಳೆತರೆ ಬೀಜ ಚೆನ್ನಾಗಿದೆ. ಗುಲಾಬಿ ಬಣ್ಣ ಬಳಿದ ಬೀಜಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಅದನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು.

ಹರಿವೆ ನಾಲ್ಕೈದು ದಿನಕ್ಕೆ, ಟೊಮೆಟೊ ಏಳೆಂಟು ದಿನಕ್ಕೆ ಮೊಳೆಯುತ್ತದೆ. ಇಲ್ಲಿ ಮೊದಲ ಗಂಡಾಂತರ. ಬೆಳಗ್ಗೆ ನೋಡಿದರೆ ನೆಟ್ಟಗಿದ್ದ ಸಸಿಗಳು ಸಾಲಾಗಿ ಮಲಗಿರುತ್ತವೆ, ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ನೂಲಿನಂತೆ ಸಣ್ಣಗಾಗಿರುತ್ತದೆ. ಇದು ಶಿಲೀಂಧ್ರದ ಕೆಲಸ, ಸದಾ ಒದ್ದೆಯಾಗಿರುವ ಮಣ್ಣು ಅದರ ತವರು. ಮಲಗಿದ್ದನ್ನು ಉಳಿಸಲಾಗದು. ಉಳಿದವನ್ನು ಗಾಳಿಯಾಡುವ, ಬೆಳಕಿರುವ ಕಡೆ ಸರಿಸಿ, ಮೇಲ್ಮಣ್ಣು ಆರುವ ತನಕ ನೀರು ನಿಲ್ಲಿಸಬೇಕು. ಸಸಿ ಟ್ರೇಯನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟವರಿಗೆ ಇನ್ನೊಂದು ತೊಂದರೆ ಎದುರಾಗುತ್ತದೆ. ಬೆಳಕು ಸಾಲದೆ ಸಸಿಗಳು ಬಿಳುಚಿಕೊಂಡು ಉದ್ದುದ್ದ ಬೆಳೆದು ಬಾಗುತ್ತವೆ. ಮೊಳಕೆ ಕಂಡ ದಿನವೇ ಟ್ರೇ ಬಿಸಿಲಿಗೆ ಬರಬೇಕು.

ಗುಳಿಗೆ ಎರಡು ಬೀಜ ಹಾಕಿದ್ದರಲ್ಲಿ ಎರಡೂ ಮೊಳೆತರೆ ಒಂದನ್ನು ಕತ್ತರಿಯಿಂದ ಕತ್ತರಿಸಬೇಕು. ಹರಿವೆಯ ಟ್ರೇಯಲ್ಲೂ ಒತ್ತಾದ ಕಡೆ ಕಿತ್ತು ಬಿಡುವು ಮಾಡಬೇಕು, ಕಿತ್ತದ್ದನ್ನು ತೊಳೆದು ಸಾರಿಗೆ ಹಾಕಬಹುದು. ತಾನೇ ಬಿತ್ತಿ ಮೊಳೆಯಿಸಿದ ಸಸಿಯನ್ನು ಕೀಳಲು ಎಲ್ಲರಿಗೂ ಕರುಳು ಚುರುಕ್ ಎನ್ನುತ್ತದೆ. ಕೀಳದಿದ್ದರೆ ಒಂದು ಚೀಲದಲ್ಲಿ ಮೂರು ಟೊಮೆಟೊ ಗಿಡ ಕಾದಾಡಿ, ಮೂರೂ ಬಡಕಲಾಗಿ, ಒಂದು ಗಿಡ ಕೊಡುವಷ್ಟು ಹಣ್ಣನ್ನೂ ಕೊಡುವುದಿಲ್ಲ. ಹನ್ನೆರಡು ಇಂಚಿನ ಚೀಲಕ್ಕೆ ಒಂದೇ ಟೊಮೆಟೊ.

ಇಪ್ಪತ್ತೈದರಿಂದ ಮೂವತ್ತು ದಿನಕ್ಕೆ, ನಾಲ್ಕೈದು ಎಲೆ ಬಂದಾಗ, ಅಂದರೆ ದಸರಾ ಸುಮಾರಿಗೆ ನಾಟಿ. ಆ ಹೊತ್ತಿಗೆ ಹರಿವೆ ಮೊದಲ ಕೊಯ್ಲಿಗೆ ಬಂದಿರುತ್ತದೆ. ಬುಡದಿಂದ ಎರಡು ಇಂಚು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಟೊಮೆಟೊ ಸಸಿಯನ್ನು ಸಂಜೆ ಹೊತ್ತು, ಕೆಳಗಿನ ಎರಡು ಎಲೆ ಚಿವುಟಿ, ಕಾಂಡದ ಅರ್ಧ ಭಾಗ ಮಣ್ಣಿನೊಳಗೆ ಹೋಗುವಷ್ಟು ಆಳಕ್ಕೆ ನೆಡಬೇಕು. ಹೂತ ಕಾಂಡದಿಂದಲೂ ಬೇರು ಬಿಡುವುದು ಟೊಮೆಟೊದ ವಿಶೇಷ. ಬೇರೆ ತರಕಾರಿಗಳನ್ನು ಹೀಗೆ ಆಳಕ್ಕೆ ನೆಟ್ಟರೆ ಕೊಳೆಯುತ್ತವೆ. ನಾಲ್ಕಡಿಯ ಕೋಲನ್ನು ನೆಡುವ ದಿನವೇ ಚುಚ್ಚಿಡಬೇಕು, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಬುಡದ ಮೇಲೆ ಎರಡು ಇಂಚು ದಪ್ಪ ತರಗೆಲೆ ಹರಡಿದರೆ ಬಿಸಿಲಿಗೆ ಮಣ್ಣು ಕಾಯುವುದಿಲ್ಲ, ಮಳೆಗೆ ಮಣ್ಣು ಸಿಡಿದು ಎಲೆಗೆ ರೋಗ ಹತ್ತುವುದೂ ಕಡಿಮೆಯಾಗುತ್ತದೆ.

ಇಲ್ಲಿಂದ ಮುಂದಿನದೆಲ್ಲ ನೀರಿನ ಕಥೆ.

‘ದಿನಕ್ಕೆ ಎಷ್ಟು ನೀರು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಕ್ಟೋಬರಿನ ಮೋಡ ಕವಿದ ದಿನ ಎಳೆಯ ಗಿಡಕ್ಕೆ ಅರ್ಧ ಲೀಟರೂ ಬೇಡ. ಅದೇ ಗಿಡ ಬೆಳೆದು ನಿಂತು, ಮಾರ್ಚ್ ಬಿಸಿಲೂ ಬಂದರೆ ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತದೆ. ಕ್ಯಾಲೆಂಡರ್ ನೋಡಿ ನೀರು ಹಾಕುವವರ ಗಿಡ ಕೊಳೆಯುತ್ತದೆ, ಬೆರಳು ನೋಡಿ ಹಾಕುವವರ ಗಿಡ ಬೆಳೆಯುತ್ತದೆ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಬೇಕು. ತುದಿಗೆ ತಂಪು ತಾಗಿ, ಮಣ್ಣು ಬೆರಳಿಗೆ ಅಂಟಿಕೊಂಡು ಬಂದರೆ ಇವತ್ತು ನೀರು ಬೇಡ. ಒಣಗಿ ಉದುರಿದರೆ ಬೇಕು. ಹದಿನೈದು ದಿನ ಹೀಗೆ ಮಾಡಿದವರಿಗೆ ಚೀಲದ ಅಂಚು ಹಿಡಿದು ಸ್ವಲ್ಪ ಎತ್ತಿದರೇ ಭಾರದಿಂದ ತಿಳಿಯುತ್ತದೆ.

ಬೇಕು ಎಂದಾದಾಗ ಕೆಳಗಿನ ತೂತಿನಿಂದ ತೊಟ್ಟಿಕ್ಕುವವರೆಗೆ ನಿಧಾನವಾಗಿ ಹಾಕಬೇಕು, ಬೆಳಗ್ಗೆ ಹೊತ್ತು. ದಿನಾ ಒಂದೊಂದು ಲೋಟ ಚಿಮುಕಿಸುವುದು ಬರೀ ಮೇಲಿನ ಎರಡು ಇಂಚನ್ನು ಒದ್ದೆ ಮಾಡುತ್ತದೆ. ಆಗ ಬೇರು ಕೆಳಗಿಳಿಯದೆ ಮೇಲೇ ಹಬ್ಬುತ್ತದೆ, ಒಂದು ದಿನ ನೀರು ತಪ್ಪಿದರೂ ಗಿಡ ಜೋಲುತ್ತದೆ. ಚೀಲದ ಕೆಳಗೆ ತಟ್ಟೆ ಇಟ್ಟಿದ್ದರೆ ಅರ್ಧ ಗಂಟೆಯ ನಂತರ ಅದರಲ್ಲಿ ನಿಂತ ನೀರನ್ನು ಚೆಲ್ಲಲೇಬೇಕು.

ಮಧ್ಯಾಹ್ನ ಎರಡು ಗಂಟೆಗೆ ಗಿಡ ಬಾಡಿದಂತೆ ಕಂಡರೆ ಗಾಬರಿ ಬೇಡ. ಬಿಸಿಲಿಗೆ ಎಲೆಯಿಂದ ಆವಿಯಾಗುವಷ್ಟು ವೇಗವಾಗಿ ಬೇರು ನೀರು ಪೂರೈಸಲಾರದು, ಸಂಜೆಗೆ ಅದು ತಾನೇ ಚೇತರಿಸಿಕೊಳ್ಳುತ್ತದೆ. ತೀರ್ಮಾನ ಮಾಡಬೇಕಾದ್ದು ಬೆಳಗ್ಗೆ ಏಳು ಗಂಟೆಗೆ. ಆ ಹೊತ್ತಿಗೂ ಬಾಡಿದ್ದು, ಬೆರಳಿಗೆ ಒಣಮಣ್ಣು ಸಿಕ್ಕರೆ ನೀರಿಲ್ಲ ಎಂದರ್ಥ. ಬಾಡಿದ್ದು, ಬೆರಳಿಗೆ ಒದ್ದೆ ಸಿಕ್ಕರೆ ಬೇರು ಕೊಳೆಯುತ್ತಿದೆ. ಆಗ ನೀರು ನಿಲ್ಲಿಸಿ, ಚೀಲವನ್ನು ಇಟ್ಟಿಗೆಯ ಮೇಲಕ್ಕೆ ಎತ್ತಿ, ಪಕ್ಕದಲ್ಲಿ ಇನ್ನೂ ಕೆಲವು ತೂತು ಮಾಡಿ ಕಾಯುವುದೊಂದೇ ದಾರಿ.

ಯಾವ ನೀರು ಎಂಬುದೂ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನಾಲ್ಕು ಚೀಲ, ಎರಡು ಟ್ರೇಗೆ ಬೇಸಿಗೆಯಲ್ಲೂ ಒಂದು ಬಕೆಟ್ ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸೇರಿದರೆ ಅದರಲ್ಲಿ ಬಹುಪಾಲು ಆಗುತ್ತದೆ. ಎ.ಸಿ.ಯಿಂದ ಸೋರುವ ನೀರೂ ಒಳ್ಳೆಯದೇ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಮಾತ್ರ ಲವಣ ಸಾಂದ್ರವಾಗಿರುತ್ತದೆ, ಬೋರ್‌ವೆಲ್ ನೀರಿನ ಮನೆಗಳಲ್ಲಂತೂ ಇನ್ನೂ ಹೆಚ್ಚು. ಬೇರೆ ನೀರಿನೊಂದಿಗೆ ಬೆರೆಸದೆ ಅದನ್ನೇ ಹಾಕುತ್ತಿದ್ದರೆ ಚೀಲದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಎಲೆಯಂಚು ಸುಡುತ್ತದೆ. ಇದಕ್ಕಿಂತ ಕಣ್ಣಿಗೆ ಕಾಣದ ಅಪಾಯ ನೀರು ಮೆದುಗೊಳಿಸುವ ಸಾಫ್ಟ್‌ನರ್‌ನದು. ಗಡಸು ನೀರಿನ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ತುಂಬುವುದು ಆ ಯಂತ್ರದ ಕೆಲಸ. ಬಟ್ಟೆ ಒಗೆಯಲು ಒಳ್ಳೆಯ ಆ ನೀರು ಮಣ್ಣನ್ನು ಗಟ್ಟಿಯಾಗಿಸುತ್ತದೆ. ಸಾಫ್ಟ್‌ನರ್ ಇರುವ ಕಟ್ಟಡದಲ್ಲಿ ಅದಕ್ಕೆ ಮುಂಚಿನ ನಲ್ಲಿ ಯಾವುದೆಂದು ಪ್ಲಂಬರನ್ನು ಕೇಳಿ ತಿಳಿದುಕೊಂಡು ಅಲ್ಲಿಂದಲೇ ನೀರು ತರಬೇಕು.

ನವೆಂಬರ್‌ನಲ್ಲಿ ಟೊಮೆಟೊ ಹಳದಿ ಹೂ ಬಿಡುತ್ತದೆ. ಎತ್ತರದ ತಾರಸಿಗೆ ದುಂಬಿ ಬರುವುದು ಕಡಿಮೆ ಎಂದು ಕೊರಗಬೇಕಿಲ್ಲ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ, ಬೆಳಗ್ಗೆ ಹತ್ತರ ಸುಮಾರಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ನಾಲ್ಕು ಸಲ ಮಿಡಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಹಾಗಲ, ಸೋರೆಯಲ್ಲಿ ಗಂಡು ಹೂವೇ ಬೇರೆ, ಅದನ್ನು ಕಿತ್ತು ಹೆಣ್ಣು ಹೂವಿನ ಒಳಕ್ಕೆ ಮೆಲ್ಲಗೆ ಸವರಬೇಕು.

ಕಾಯಿ ನಿಂಬೆಯಷ್ಟಾದಾಗ ಅದರ ಕೆಳತುದಿಯಲ್ಲಿ ಕಪ್ಪು ಮಚ್ಚೆ ಮೂಡಿ, ಚಪ್ಪಟೆಯಾಗಿ ಒಳಕ್ಕೆ ಕುಸಿಯುವುದುಂಟು. ಹೊಸಬರು ಇದನ್ನು ರೋಗವೆಂದು ಔಷಧಿ ಹೊಡೆಯುತ್ತಾರೆ. ಸ್ವಲ್ಪ ಓದಿಕೊಂಡವರು ಕ್ಯಾಲ್ಸಿಯಂ ಕೊರತೆ ಎಂದು ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕುತ್ತಾರೆ. ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿರುವುದು ನಿಜ, ಆದರೆ ಸಾಮಾನ್ಯವಾಗಿ ಚೀಲದಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಅದು ಮೇಲೇರುವುದು ನೀರಿನ ಜೊತೆಗೆ. ಎರಡು ದಿನ ಒಣಗಿಸಿ ಮೂರನೇ ದಿನ ತುಂಬ ಸುರಿದರೆ ಆ ಸಾಗಣೆ ಕಡಿದುಹೋಗುತ್ತದೆ, ಗಿಡದ ಅತಿ ದೂರದ ತುದಿಯಾದ ಕಾಯಿಯ ಬುಡಕ್ಕೆ ಮೊದಲು ಪೆಟ್ಟು ಬೀಳುತ್ತದೆ. ಸಿಪ್ಪೆ ಪುಡಿ ಕರಗಿ ಬೇರಿಗೆ ಸಿಗಲು ತಿಂಗಳುಗಳೇ ಬೇಕು. ಮಚ್ಚೆ ಬಂದ ಕಾಯಿಗಳನ್ನು ಕಿತ್ತು, ನೀರನ್ನು ಒಂದೇ ಹದಕ್ಕೆ ತಂದರೆ ಮುಂದಿನ ಗೊಂಚಲು ಚೆನ್ನಾಗಿ ಬರುತ್ತದೆ. ಹಣ್ಣು ಬಿರಿಯುವುದಕ್ಕೂ ಇದೇ ಏರುಪೇರು ಕಾರಣ.

ಗೊಬ್ಬರವನ್ನು ವಾರ ವಾರ ಹಾಕುವುದು ಇನ್ನೊಂದು ಅತ್ಯುತ್ಸಾಹ. ನಾಟಿ ಮಾಡಿದ ತಿಂಗಳ ನಂತರ ಮೂರು ವಾರಕ್ಕೊಮ್ಮೆ ಚೀಲಕ್ಕೆ ಎರಡು ಹಿಡಿ ಎರೆಹುಳು ಗೊಬ್ಬರ ಸಾಕು. ಸಾರಜನಕ ಹೆಚ್ಚಾದರೆ ಗಿಡ ಕಡುಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂ ಬಿಡುವುದಿಲ್ಲ, ಆ ಎಳೆ ಚಿಗುರಿಗೆ ಹೇನು ಮುತ್ತುತ್ತದೆ. ಹೇನು, ಹಿಟ್ಟು ತಿಗಣೆ ಕಂಡರೆ ಮೊದಲು ನೀರಿನ ರಭಸಕ್ಕೆ ತೊಳೆದು, ಆಮೇಲೆ ಲೀಟರ್ ನೀರಿಗೆ ಐದು ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ತೊಟ್ಟು ದ್ರವ ಸೋಪು ಕದಡಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಚಿಗುರೆಲೆ ದೊನ್ನೆಯಂತೆ ಮೇಲಕ್ಕೆ ಮುದುಡಿ, ಸಣ್ಣಗಾಗಿ, ಗಿಡ ಕುಳ್ಳಾಗಿ ನಿಂತುಬಿಟ್ಟರೆ ಅದು ಬಿಳಿ ನೊಣ ಹರಡುವ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ. ಆ ಒಂದು ಗಿಡವನ್ನು ಕಿತ್ತು ಕವರಿನಲ್ಲಿ ಕಟ್ಟಿ ಹೊರಗೆ ಹಾಕಿದರೆ ಉಳಿದ ಮೂರು ಬದುಕುತ್ತವೆ.

ಎಲ್ಲ ಸರಿಯಾಗಿ ನಡೆದರೆ ಕ್ರಿಸ್ಮಸ್ ಹೊತ್ತಿಗೆ ಮೊದಲ ಹಣ್ಣು ಕೆಂಪಾಗುತ್ತದೆ, ಸಂಕ್ರಾಂತಿ ದಾಟಿಯೂ ಕೊಯ್ಲು ನಡೆಯುತ್ತದೆ. ಇಷ್ಟು ಪುಟ್ಟ ತೋಟದಿಂದ ಮನೆಯ ತರಕಾರಿ ಖರ್ಚು ನಿಲ್ಲುವುದಿಲ್ಲ. ಈರುಳ್ಳಿ, ಆಲೂಗಡ್ಡೆಗೆ ಮಾರುಕಟ್ಟೆಯೇ ಗತಿ. ವಾರಕ್ಕೊಂದೆರಡು ಬಾರಿ ಸೊಪ್ಪು, ಸಾರಿಗೆ ಬೇಕಾದ ಟೊಮೆಟೊ, ಒಗ್ಗರಣೆಗೆ ಹಸಿಮೆಣಸಿನಕಾಯಿ ಎಂಬಷ್ಟು ನಿರೀಕ್ಷೆ ಇಟ್ಟುಕೊಂಡವರು ಎರಡನೇ ವರ್ಷವೂ ಮುಂದುವರಿಯುತ್ತಾರೆ. ಮೊದಲ ದಿನವೇ ಮೂವತ್ತು ಚೀಲ ತಂದವರು ಫೆಬ್ರುವರಿಯಲ್ಲಿ ಅವನ್ನು ಮಡಚಿಡುತ್ತಾರೆ.

ಬೆಳೆ ಮುಗಿದ ಮೇಲೆ ಚೀಲದ ಮಣ್ಣು ಎರಡು ಮೂರು ಇಂಚು ಕುಸಿದಿರುತ್ತದೆ. ಅದನ್ನು ಚೆಲ್ಲಬಾರದು. ಹೊರಗೆ ಸುರಿದು, ದಪ್ಪ ಬೇರು ಆರಿಸಿ, ನಾಲ್ಕೈದು ದಿನ ಬಿಸಿಲಿಗೆ ಹರಡಿ, ಮೂರರಲ್ಲಿ ಒಂದು ಪಾಲು ಹೊಸ ಗೊಬ್ಬರ ಬೆರೆಸಿ ಮತ್ತೆ ತುಂಬಬಹುದು. ಟೊಮೆಟೊ ಬೆಳೆದ ಚೀಲಕ್ಕೆ ಮುಂದಿನ ಸಲ ಬದನೆ, ಮೆಣಸಿನಕಾಯಿ ಬೇಡ; ಮೂರೂ ಒಂದೇ ಕುಟುಂಬದವು, ಮಣ್ಣಿನಲ್ಲುಳಿದ ರೋಗ ಮೂರಕ್ಕೂ ತಗಲುತ್ತದೆ. ಆ ಚೀಲಕ್ಕೆ ಹುರುಳಿಕಾಯಿ ಬಿತ್ತಬೇಕು, ಆಗ ಟೊಮೆಟೊಗೆ ಹೊಸ ಚೀಲ.